ನಮ್ಮ ಗ್ರಾಮ ಪಂಚಾಯಿತಿ: ಅಭ್ಯಾಸ ಹಾಳೆಯ ಕಿರು ಉತ್ತರಗಳು
7ನೇ ತರಗತಿ, ಸಮಾಜ ವಿಜ್ಞಾನ

1. ಗ್ರಾಮ ಪಂಚಾಯಿತಿ ಎಂದರೇನು?

ಒಂದು ಅಥವಾ ಹೆಚ್ಚು ಹಳ್ಳಿಗಳ ಜನರು ತಾವೇ ಆರಿಸಿದ ಸದಸ್ಯರ ಮೂಲಕ ತಮ್ಮ ಊರಿನ ಕೆಲಸಗಳನ್ನು ನೋಡಿಕೊಳ್ಳುವ ಸ್ಥಳೀಯ ಸರ್ಕಾರವೇ ಗ್ರಾಮ ಪಂಚಾಯಿತಿ. ಕರ್ನಾಟಕದಲ್ಲಿ ಇದರ ಮೇಲೆ ತಾಲ್ಲೂಕು ಪಂಚಾಯಿತಿ ಮತ್ತು ಜಿಲ್ಲಾ ಪಂಚಾಯಿತಿಗಳಿವೆ.

2. ಪಂಚಾಯಿತಿಗಳಿಗೆ ಸಂವಿಧಾನದ ಬಲ ಬಂದದ್ದು ಹೇಗೆ?

ಸಂವಿಧಾನದ 73ನೇ ತಿದ್ದುಪಡಿಯಿಂದ. ಇದು 1993ರ ಏಪ್ರಿಲ್ 24ರಂದು ಜಾರಿಗೆ ಬಂದುದರಿಂದ ಆ ದಿನವನ್ನು ರಾಷ್ಟ್ರೀಯ ಪಂಚಾಯತ್ ರಾಜ್ ದಿನವಾಗಿ ಆಚರಿಸುತ್ತಾರೆ. ಕರ್ನಾಟಕದ ಪಂಚಾಯತ್ ರಾಜ್ ಅಧಿನಿಯಮವೂ 1993ರದೇ.

3. ಸದಸ್ಯರ ಆಯ್ಕೆ ಹೇಗೆ ನಡೆಯುತ್ತದೆ?

18 ವರ್ಷ ತುಂಬಿ ಮತದಾರರ ಪಟ್ಟಿಯಲ್ಲಿ ಹೆಸರಿರುವವರು ಗುಪ್ತ ಮತದಾನದ ಮೂಲಕ ಸದಸ್ಯರನ್ನು ಆರಿಸುತ್ತಾರೆ. ಚುನಾವಣೆಗೆ ನಿಲ್ಲುವವರಿಗೆ 21 ವರ್ಷ ತುಂಬಿರಬೇಕು. ಚುನಾವಣೆಯನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಯು ಪಕ್ಷಗಳ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಪಂಚಾಯಿತಿಯ ಅವಧಿ ಐದು ವರ್ಷ.

4. ಒಂದು ಪಂಚಾಯಿತಿಯ ಜನಸಂಖ್ಯೆ 6,000 ಆಗಿದ್ದರೆ ಸದಸ್ಯರು ಎಷ್ಟು ಮಂದಿ? ಅವರಲ್ಲಿ ಮಹಿಳೆಯರು ಎಷ್ಟು ಮಂದಿ ಇರಬೇಕು?

ಕರ್ನಾಟಕದಲ್ಲಿ ಪ್ರತಿ 400 ಜನರಿಗೆ ಒಬ್ಬ ಸದಸ್ಯರಿರುವುದರಿಂದ 6,000 ÷ 400 = 15 ಮಂದಿ. ಇಲ್ಲಿ ಶೇಕಡ 50ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. 15ರ ಅರ್ಧ ಏಳೂವರೆಯಾದ್ದರಿಂದ ಕನಿಷ್ಠ 8 ಮಂದಿ ಮಹಿಳೆಯರಿರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳಿಗೂ ಮೀಸಲಾತಿಯಿದೆ.

5. ಅಧ್ಯಕ್ಷರಿಗೂ ಪಿಡಿಒಗೂ ಇರುವ ವ್ಯತ್ಯಾಸವೇನು?

ಅಧ್ಯಕ್ಷರು ಜನರಿಂದ ಆರಿಸಿ ಬಂದ ಸದಸ್ಯರು. ಸದಸ್ಯರೆಲ್ಲರೂ ಸೇರಿ ತಮ್ಮಲ್ಲೇ ಒಬ್ಬರನ್ನು ಮತ ಹಾಕಿ ಅಧ್ಯಕ್ಷರನ್ನಾಗಿ ಮಾಡುತ್ತಾರೆ. ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಸರ್ಕಾರದಿಂದ ನೇಮಕಗೊಂಡ ನೌಕರರಾದ್ದರಿಂದ ಅವರಿಗೆ ಚುನಾವಣೆಯಿಲ್ಲ. ಸಭೆಯಲ್ಲಿ ನಿರ್ಣಯ ಕೈಗೊಳ್ಳುವವರು ಸದಸ್ಯರು, ಅದನ್ನು ಜಾರಿಗೆ ತಂದು ದಾಖಲೆಗಳನ್ನು ಕಾಪಾಡುವವರು ಪಿಡಿಒ. ಈ ಪ್ರಶ್ನೆಗೆ “ಪಿಡಿಒ ಪಂಚಾಯಿತಿಯ ಮುಖ್ಯಸ್ಥರು” ಎಂದು ಬರೆಯುವವರು ಬಹಳ ಮಂದಿ. ಹಾಗೆ ಬರೆದರೆ ಅಂಕ ಸಿಗುವುದಿಲ್ಲ.

6. ಗ್ರಾಮಸಭೆ ಯಾವುದು? ಅದು ಪಂಚಾಯಿತಿಯ ಸಭೆಗಿಂತ ಹೇಗೆ ಬೇರೆ?

ಪಂಚಾಯಿತಿಯ ಸಭೆಯಲ್ಲಿ ಚುನಾಯಿತ ಸದಸ್ಯರು ಮಾತ್ರ ಕುಳಿತು ತೀರ್ಮಾನಿಸುತ್ತಾರೆ. ಗ್ರಾಮಸಭೆಯಲ್ಲಾದರೋ ಆ ಪಂಚಾಯಿತಿ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಸದಸ್ಯರೇ. ಅವರನ್ನು ಯಾರೂ ಆರಿಸಬೇಕಾಗಿಲ್ಲ, ಅವರ ಅವಧಿ ಮುಗಿಯುವುದೂ ಇಲ್ಲ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅಲ್ಲಿ ಮುಂದಿನ ವರ್ಷದ ಕೆಲಸಗಳ ಪಟ್ಟಿ ಚರ್ಚೆಗೆ ಬರುತ್ತದೆ, ವಸತಿ ಯೋಜನೆಯಂಥ ಸೌಲಭ್ಯಗಳಿಗೆ ಫಲಾನುಭವಿಗಳನ್ನು ಗುರುತಿಸುತ್ತಾರೆ ಮತ್ತು ಹಿಂದಿನ ವರ್ಷದ ಜಮಾ–ಖರ್ಚನ್ನು ಓದಿ ಹೇಳುತ್ತಾರೆ. ಉದಾಹರಣೆಗೆ, ಲೆಕ್ಕದಲ್ಲಿ “ಚರಂಡಿ ದುರಸ್ತಿ” ಎಂದು ಖರ್ಚು ಬಿದ್ದಿದ್ದು ಶಾಲೆಯ ಹಿಂದಿನ ಚರಂಡಿ ಇನ್ನೂ ಕಟ್ಟಿಕೊಂಡೇ ಇದ್ದರೆ, ಅಲ್ಲಿಯ ನಿವಾಸಿಯೊಬ್ಬರು ಎದ್ದು ನಿಂತು, ದುರಸ್ತಿಯಾದ ಚರಂಡಿ ಯಾವುದೆಂದು ಕೇಳಬಹುದು. ಕೇಳಿದ ಪ್ರಶ್ನೆಯೂ ಕೊಟ್ಟ ಉತ್ತರವೂ ನಡವಳಿ ಪುಸ್ತಕಕ್ಕೆ ಸೇರಬೇಕು, ಏಕೆಂದರೆ ಬಾಯಿಮಾತಿನ ಭರವಸೆಯನ್ನು ಮುಂದಿನ ಸಭೆಯಲ್ಲಿ ಯಾರೂ ತೋರಿಸಲಾರರು.

7. ಪಂಚಾಯಿತಿಗೆ ಹಣ ಎಲ್ಲಿಂದ ಬರುತ್ತದೆ?

ಮನೆ ಮತ್ತು ನಿವೇಶನಗಳ ತೆರಿಗೆ, ನೀರಿನ ಕರ, ಅಂಗಡಿಗಳ ಪರವಾನಗಿ ಶುಲ್ಕ, ಸಂತೆಯ ಸುಂಕ ಇವು ಪಂಚಾಯಿತಿಯ ಸ್ವಂತ ಆದಾಯ. ಬಿಲ್ ಕಲೆಕ್ಟರ್ ಹಣ ಪಡೆದು ರಸೀದಿ ಕೊಡುತ್ತಾರೆ. ಇದಲ್ಲದೆ ಕೇಂದ್ರ ಹಣಕಾಸು ಆಯೋಗದ ಶಿಫಾರಸಿನಂತೆ ಬರುವ ಅನುದಾನವೂ ರಾಜ್ಯ ಸರ್ಕಾರದ ಅನುದಾನವೂ ಇವೆ.

8. ಪಂಚಾಯಿತಿಯ ಮುಖ್ಯ ಕೆಲಸಗಳನ್ನು ಬರೆಯಿರಿ.

ಕುಡಿಯುವ ನೀರು, ಬೀದಿದೀಪ, ಚರಂಡಿ, ಊರೊಳಗಿನ ರಸ್ತೆ, ಕಸ ವಿಲೇವಾರಿ, ಸ್ಮಶಾನ ಮತ್ತು ಗ್ರಂಥಾಲಯ. ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ; ಎಲ್ಲವನ್ನೂ ಬಾಯಿಪಾಠ ಮಾಡುವ ಅಗತ್ಯವಿಲ್ಲ.

9. ನಿಮ್ಮ ಬೀದಿಗೆ ಮೂರು ದಿನದಿಂದ ನೀರು ಬಂದಿಲ್ಲ. ನೀವು ಯಾರ ಬಳಿ ಹೋಗುವಿರಿ?

ಮೊದಲು ನೀರುಗಂಟಿಯವರನ್ನು ವಿಚಾರಿಸುತ್ತೇವೆ. ವಾಲ್ವ್ ಕೆಟ್ಟಿದೆಯೋ ಕೊಳವೆಬಾವಿಯ ಮೋಟಾರು ಸುಟ್ಟಿದೆಯೋ ಎಂಬುದು ಅವರಿಗೆ ತಿಳಿದಿರುತ್ತದೆ. ಅಷ್ಟಕ್ಕೆ ಸರಿಹೋಗದಿದ್ದರೆ ನಮ್ಮ ವಾರ್ಡಿನ ಸದಸ್ಯರಿಗೆ ತಿಳಿಸಿ, ಮನೆಯ ಹಿರಿಯರ ಸಹಿಯೊಂದಿಗೆ ಪಿಡಿಒ ಅವರಿಗೆ ಅರ್ಜಿ ಬರೆದು ಸ್ವೀಕೃತಿ ಪಡೆಯುತ್ತೇವೆ. ಪದೇ ಪದೇ ಹೀಗಾಗುತ್ತಿದ್ದರೆ ಹಿರಿಯರು ಅದನ್ನು ವಾರ್ಡ್ ಸಭೆಯಲ್ಲಿ ಎತ್ತಿ, ಹೊಸ ಪೈಪ್‌ಲೈನ್ ಮುಂದಿನ ವರ್ಷದ ಯೋಜನೆಗೆ ಸೇರುವಂತೆ ಒತ್ತಾಯಿಸಬಹುದು.