ಅಭ್ಯಾಸ ಪತ್ರಿಕೆ: 19ನೇ ವಿಧಿ ಮತ್ತು ಸಮಂಜಸ ನಿರ್ಬಂಧ

ಕೆಳಗಿನ ಕಾಯ್ದೆ, ಊರು, ಜನ ಎಲ್ಲ ಕಟ್ಟುಕಥೆ. ಉತ್ತರದಲ್ಲಿ ಬರುವ ತೀರ್ಪುಗಳು ಮಾತ್ರ ನಿಜ. ಸಮಯ 6 ನಿಮಿಷ. ಸರಿ ಉತ್ತರಕ್ಕೆ 1 ಅಂಕ, ತಪ್ಪಾದರೆ ಕ್ಲಾಟ್‌ನಲ್ಲಿ ಇರುವ ಹಾಗೆ 0.25 ಕಳೆಯಿರಿ. ಉತ್ತರ ಇಣುಕಿ ನೋಡಬೇಡಿ, ನಷ್ಟ ನಿಮಗೇ.

ಓದಲು ಭಾಗ

19(1)ನೇ ವಿಧಿ ನಾಗರಿಕರಿಗೆ ಮಾತಿನ ಸ್ವಾತಂತ್ರ್ಯ, ವೃತ್ತಿ-ವ್ಯಾಪಾರದ ಸ್ವಾತಂತ್ರ್ಯ ಮುಂತಾದ ಹಕ್ಕುಗಳನ್ನು ಕೊಡುತ್ತದೆ. ಇವುಗಳ ಮೇಲೆ ಸರ್ಕಾರ ಕಾನೂನಿನ ಮೂಲಕ ಸಮಂಜಸ ನಿರ್ಬಂಧ ಹಾಕಬಹುದು. ಮಾತಿಗೆ 19(2)ರಲ್ಲಿ ಇರುವ ಕಾರಣಗಳು ಎಂಟೇ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಷ್ಟ್ರದ ಭದ್ರತೆ, ವಿದೇಶಗಳ ಜೊತೆಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ವ್ಯಾಪಾರಕ್ಕೆ 19(6)ರಲ್ಲಿ 'ಸಾರ್ವಜನಿಕರ ಹಿತ' ಸಾಕು.

ಒಂದು ರಾಜ್ಯ 'ಮಾರುಕಟ್ಟೆ ರಕ್ಷಣಾ ಕಾಯ್ದೆ' ತಂದಿತು. ಅದರ ಸೆಕ್ಷನ್ 3: ಮಂಡಿ ವ್ಯಾಪಾರಕ್ಕೆ ಪೆಟ್ಟು ಕೊಡುವ ಯಾವ ಕರಪತ್ರವನ್ನೂ ಸಾರ್ವಜನಿಕರ ಹಿತದ ದೃಷ್ಟಿಯಿಂದ ಹಂಚುವಂತಿಲ್ಲ. ಸೆಕ್ಷನ್ 4: ಆಸ್ಪತ್ರೆ ಮುಖ್ಯ ಗೇಟಿನಿಂದ 50 ಮೀಟರ್ ಒಳಗೆ ತಳ್ಳುಗಾಡಿ ನಿಲ್ಲಿಸುವಂತಿಲ್ಲ.

ಪ್ರಶ್ನೆ 1. ಕಾವ್ಯಾ 'ಟೊಮೆಟೊ ದರ ಏರಿಸುತ್ತಿರುವುದು ದಲ್ಲಾಳಿಗಳು' ಎಂದು ಕರಪತ್ರ ಹಂಚಿದಳು. ಯಾರ ಹೆಸರೂ ಅದರಲ್ಲಿ ಇಲ್ಲ. ಸೆಕ್ಷನ್ 3ರಲ್ಲಿ ಕೇಸಾಯಿತು. ಈ ಸೆಕ್ಷನ್,
ಅ) ಸಾರ್ವಜನಿಕರ ಹಿತಕ್ಕೆ ಮಾಡಿದ್ದು, ನಿಲ್ಲುತ್ತದೆ
ಆ) 19(2)ರ ಕಾರಣಗಳಿಗೆ ಸೇರದ್ದು, ಬೀಳುತ್ತದೆ
ಇ) ಮಾತಿಗೆ ಯಾವ ನಿರ್ಬಂಧವೂ ಸಲ್ಲದು, ಬೀಳುತ್ತದೆ
ಈ) ಶಾಸನಸಭೆ ಮಾಡಿದ್ದರಿಂದಲೇ ಸಮಂಜಸ

ಪ್ರಶ್ನೆ 2. ಆಸ್ಪತ್ರೆ ಗೇಟಿನ ಬಳಿ ಎಳನೀರು ಮಾರುವ ಮಹೇಶ ಸೆಕ್ಷನ್ 4ನ್ನು ಪ್ರಶ್ನಿಸುತ್ತಾನೆ. ಆಂಬುಲೆನ್ಸ್‌ಗೆ ದಾರಿ ಸಿಗಲಿ ಎಂದು ಈ ನಿಯಮ ಮಾಡಿದ್ದೇವೆ ಎನ್ನುತ್ತದೆ ಸರ್ಕಾರ.
ಅ) ಮಹೇಶ ಗೆಲ್ಲುತ್ತಾನೆ, ಹೊಟ್ಟೆಪಾಡು ಎಲ್ಲಕ್ಕಿಂತ ಮೇಲು
ಆ) ಗೆಲ್ಲುತ್ತಾನೆ, 19(2)ರಲ್ಲಿ ಆಂಬುಲೆನ್ಸ್ ಇಲ್ಲ
ಇ) ಸೋಲುತ್ತಾನೆ, ಇದು 19(6)ರ ಸಮಂಜಸ ನಿರ್ಬಂಧ
ಈ) ಸೋಲುತ್ತಾನೆ, ಬೀದಿ ವ್ಯಾಪಾರ ಹಕ್ಕೇ ಅಲ್ಲ

ಪ್ರಶ್ನೆ 3. ಸೆಕ್ಷನ್ 3 ರದ್ದಾಯಿತು ಅಂದುಕೊಳ್ಳಿ. ಆಮೇಲೂ ಠಾಣೆಯ ಅಧಿಕಾರಿ ಬಂದು, ಯಾವ ಕಾನೂನನ್ನೂ ತೋರಿಸದೆ, 'ಗಲಾಟೆ ಆಗಬಹುದು, ಇನ್ನು ಏನೂ ಹಂಚಬೇಡ' ಎಂದು ಕಾವ್ಯಾಗೆ ಬಾಯಿಮಾತಿನಲ್ಲಿ ಹೇಳಿಹೋದ. ಈ ತಡೆ,
ಅ) ಸರಿ, ಸುವ್ಯವಸ್ಥೆ 19(2)ರಲ್ಲಿದೆ
ಆ) ಸರಿ, ಅಧಿಕಾರಿಯ ಉದ್ದೇಶ ಒಳ್ಳೆಯದು
ಇ) ತಪ್ಪು, ಸುವ್ಯವಸ್ಥೆ 19(2)ರಲ್ಲಿಲ್ಲ
ಈ) ತಪ್ಪು, ನಿರ್ಬಂಧದ ಹಿಂದೆ ಕಾನೂನೇ ಇಲ್ಲ

ಪ್ರಶ್ನೆ 4. ಅದೇ ಊರಲ್ಲಿ ಓದುತ್ತಿರುವ ನೇಪಾಳದ ಪ್ರಜೆ ಒಬ್ಬ 19(1)(ಎ) ಹಿಡಿದು ಕೋರ್ಟಿಗೆ ಹೋದ. ಅವನಿಗೆ ಈ ಹಕ್ಕು,
ಅ) ಇದೆ
ಆ) ಇಲ್ಲ, ಆದರೆ 14 ಮತ್ತು 21ನೇ ವಿಧಿ ಇವೆ
ಇ) ಇಲ್ಲ, ಯಾವ ಮೂಲಭೂತ ಹಕ್ಕೂ ಇಲ್ಲ
ಈ) ವೀಸಾ ಇದ್ದರೆ ಇದೆ

ಉತ್ತರಗಳು: 1-ಆ, 2-ಇ, 3-ಈ, 4-ಆ

ಒಂದನ್ನೂ ಎರಡನ್ನೂ ಒಟ್ಟಿಗೆ ಓದಿ, ಈ ಜೋಡಿಯಲ್ಲೇ ಇರುವುದು ಮಜಾ. 'ಸಾರ್ವಜನಿಕರ ಹಿತ' ಅನ್ನೋ ಮಾತು ಕಿವಿಗೆ ಎಷ್ಟು ಇಂಪಾಗಿದೆ ಅಂದರೆ ಕಣ್ಣು ಸೀದಾ 'ಅ' ಮೇಲೆ ಹೋಗುತ್ತದೆ, ಅಲ್ವಾ? ಆದರೆ ಅದು ಇರುವುದು ವ್ಯಾಪಾರದ ಕಲಮಿನಲ್ಲಿ, ಮಾತಿನ ಕಲಮಿನಲ್ಲಿ ಅಲ್ಲ. 1962ರ ಸಕಾಳ್ ಪೇಪರ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಒಂದು ಹಕ್ಕಿನ ಬೇಲಿಯನ್ನು ಕಿತ್ತು ಇನ್ನೊಂದಕ್ಕೆ ನೆಡುವ ಹಾಗಿಲ್ಲ. ಇನ್ನು ಮಹೇಶನಿಗೆ ಹೋಗಿದ್ದು 50 ಮೀಟರ್ ಜಾಗ, ವ್ಯಾಪಾರವೇ ಅಲ್ಲ. ಬೇಸಾಯದ ಹಂಗಾಮಿನಲ್ಲಿ ಕೆಲವು ಹಳ್ಳಿಗಳಲ್ಲಿ ಬೀಡಿ ಕಟ್ಟುವುದನ್ನೇ ಪೂರ್ತಿ ನಿಲ್ಲಿಸಿದ್ದ ಕಾನೂನು ಚಿಂತಾಮಣ ರಾವ್ ಕೇಸಿನಲ್ಲಿ ಬಿದ್ದುಹೋಯಿತು, ಯಾಕೆಂದರೆ ಹೊಲದ ಕೆಲಸಕ್ಕೆ ಬಾರದ ವಯಸ್ಸಾದವರನ್ನೂ ಅದು ಸುಮ್ನೆ ಮನೆಯಲ್ಲಿ ಕೂರಿಸಿತ್ತು. ಸೆಕ್ಷನ್ 4ರಲ್ಲಿ 50 ಮೀಟರ್ ಬದಲು 'ಇಡೀ ಊರಲ್ಲಿ' ಅಂತ ಇದ್ದಿದ್ದರೆ ನನ್ನ ಉತ್ತರವೂ ಬದಲಾಗುತ್ತಿತ್ತು.

ನಾಲ್ಕು ಸುಲಭ. 19 ನಾಗರಿಕರಿಗೆ ಮಾತ್ರ, 14 ಮತ್ತು 21 ಎಲ್ಲ ವ್ಯಕ್ತಿಗಳಿಗೆ.

ಮೂರರಲ್ಲಿ ಜಾಸ್ತಿ ಜನ 'ಅ' ಬರೆಯುತ್ತಾರೆ. ಸುವ್ಯವಸ್ಥೆ ಪಟ್ಟಿಯಲ್ಲಿ ಇದೆ, ನಿಜ. ಆದರೆ ಕಾರಣ ಇದೆಯಾ ಅಂತ ನೋಡುವ ಮೊದಲು ಕಾನೂನು ಇದೆಯಾ ಅಂತ ನೋಡಬೇಕು. ಖಡಕ್ ಸಿಂಗ್ ಕೇಸಿನಲ್ಲಿ ಉತ್ತರ ಪ್ರದೇಶದ ಪೊಲೀಸರು ನಿಯಮಾವಳಿ ತೋರಿಸಿದ್ದರು, ಅದರ ಬೆನ್ನಿಗೆ ಕಾಯ್ದೆಯ ಬಲ ಇಲ್ಲದ್ದರಿಂದ ಅದನ್ನೂ ಕೋರ್ಟ್ 'ಕಾನೂನು' ಅಂತ ಒಪ್ಪಲಿಲ್ಲ. ನಮ್ಮ ಅಧಿಕಾರಿಯ ಕೈಯಲ್ಲಿ ಒಂದು ಚೀಟಿ ಕೂಡ ಇಲ್ಲ.