ಸಮರ್ಥನ ಅಳುವಿನ ಬಗ್ಗೆ ಟೀಚರ್‌ಗೆ ಒಂದು ಪತ್ರ

ಟೀಚರ್, ನಮಸ್ಕಾರ.

ಬೆಳಿಗ್ಗೆ ಬಾಗಿಲಲ್ಲಿ ನಿಂತು ಇಷ್ಟೆಲ್ಲ ಮಾತಾಡಲು ಆಗುವುದಿಲ್ಲ. ಒಂದು ಕಡೆ ಇವನು ಅಳುತ್ತಿರುತ್ತಾನೆ, ಇನ್ನೊಂದು ಕಡೆ ಬೇರೆ ಮಕ್ಕಳು ಬರುತ್ತಿರುತ್ತಾರೆ. ಅದಕ್ಕೇ ಬರೆದು ಕೊಡುತ್ತಿದ್ದೇನೆ.

ಇವನು ನಿಮ್ಮ ಬಾಗಿಲಿಗೆ ಬಂದಮೇಲೆ ಅಳಲು ಶುರು ಮಾಡುವುದಿಲ್ಲ. ನವನಗರದ ಸರ್ಕಲ್ ದಾಟಿ ಸ್ಕೂಟಿ ನಿಮ್ಮ ರಸ್ತೆಗೆ ತಿರುಗಿದ ಕೂಡಲೇ ಹಾಡು ನಿಲ್ಲಿಸಿಬಿಡುತ್ತಾನೆ. ಚಪ್ಪಲಿ ಬಿಚ್ಚುವಾಗ ಕಾಲ್ಬೆರಳು ಮಡಚಿ ಗಟ್ಟಿ ಹಿಡಿಯುತ್ತಾನೆ, ಒಂದು ಬಿಚ್ಚಿ ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಮೊದಲನೆಯದನ್ನು ಮತ್ತೆ ಹಾಕಿಕೊಂಡಿರುತ್ತಾನೆ, ಆಮೇಲೆ ನನ್ನ ವೇಲ್ ಹಿಡಿದು ಶುರು. ಎರಡು ವರ್ಷದ ಮಕ್ಕಳಿಗೆ ಇದು ಸಹಜ ಅಂತ ಗೊತ್ತಿದೆ. ಹುಟ್ಟಿದಾಗಿನಿಂದ ನೋಡಿಕೊಂಡ ಅಜ್ಜಿ, ಅಂದರೆ ನಮ್ಮಮ್ಮ, ತಂಗಿಯ ಬಾಣಂತನಕ್ಕೆ ಇಳಕಲ್‌ಗೆ ಹೋಗಿದ್ದೂ ಇದೇ ತಿಂಗಳು. ಅಜ್ಜಿ ಹೋದಳು, ಅವ್ವನೂ ಹೋಗುತ್ತಾಳೆ ಅಂತ ಅವನ ಲೆಕ್ಕ ಇರಬೇಕು.

"ಅವನ ಕಣ್ಣು ತಪ್ಪಿಸಿ ಹೋಗಿಬಿಡ್ರಿ, ಹತ್ತು ನಿಮಿಷಕ್ಕೆ ಸುಮ್ಮನಾಗ್ತಾನ" ಅಂತ ನೀವು ಹೇಳಿದಿರಿ. ನಿಮ್ಮ ಅನುಭವದ ಮುಂದೆ ನನ್ನದು ಏನೂ ಅಲ್ಲ, ಆದರೆ ಇದೊಂದಕ್ಕೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಹಾಗೆ ಹೋದ ದಿನ ಅವನು ಅಲ್ಲಿ ಸುಮ್ಮನಾಗಿರಬಹುದು, ಮನೆಯಲ್ಲಿ ಮಾತ್ರ ನಾನು ಬಚ್ಚಲಿಗೆ ಹೋದರೂ ಬಾಗಿಲು ಬಡಿಯುತ್ತಾನೆ, ರಾತ್ರಿ ನಿದ್ದೆಯಲ್ಲಿ ನನ್ನ ಕೈ ತಡಕುತ್ತಾನೆ. ಯಾವ ಕ್ಷಣದಲ್ಲಿ ಅವ್ವ ಮಾಯವಾಗುತ್ತಾಳೋ ಗೊತ್ತಿಲ್ಲದಿದ್ದರೆ ಆಟದ ಮೇಲೆ ಗಮನ ಹೇಗೆ ಬರುತ್ತೆ, ಅಲ್ವಾ? ಅತ್ತರೂ ಪರವಾಗಿಲ್ಲ, ನಾನು ಹೇಳಿಯೇ ಹೋಗುತ್ತೇನೆ.

ಮುಂದಿನ ವಾರ ಆಫೀಸಿಗೆ ಅರ್ಧ ದಿನದ ರಜೆ ಹಾಕಿದ್ದೇನೆ. ಸೋಮವಾರದಿಂದ ಬುಧವಾರದವರೆಗೆ ಒಳಗೆ ಗೋಡೆ ಪಕ್ಕ ಚಾಪೆ ಮೇಲೆ ನಾನೂ ಕೂತಿರಲೇ? ಅವನ ಜೊತೆ ಆಡುವುದಿಲ್ಲ, ಕರೆಯುವುದೂ ಇಲ್ಲ, ಸುಮ್ನೆ ಕೂತಿರುತ್ತೇನೆ. ಬಂದು ಮುಟ್ಟಿ ನೋಡಿ ಹೋಗುತ್ತಾನೆ, ಹೋಗಲಿ. ಆ ಹೊತ್ತಿನಲ್ಲಿ ನೀವೋ ಮಾವಶಿಯೋ, ಯಾರಾದರೂ ಒಬ್ಬರೇ ಅವನ ಜೊತೆ ಹೆಚ್ಚು ಇದ್ದರೆ ಒಳ್ಳೆಯದು. ದಿನಾ ಬಾಗಿಲಲ್ಲಿ ಅವರೇ ಎತ್ತಿಕೊಳ್ಳಲಿ. ಗುರುವಾರ "ಅವ್ವ ಹೋಗಿ ಬರ್ತಾಳ" ಅಂತ ಹೇಳಿ ಒಂದು ಕಾಲು ಗಂಟೆ ಹೊರಗೆ ಹೋಗಿ ಬರುತ್ತೇನೆ, ಶುಕ್ರವಾರ ಅರ್ಧ ಗಂಟೆ. ಅದರ ಮುಂದಿನ ವಾರ ಡಬ್ಬಿ ತಿನ್ನುವ ಹೊತ್ತಿನವರೆಗೆ, ಆಮೇಲೆ ಪೂರ್ತಿ. ರವಿವಾರ ಕಳೆದ ಮೇಲೆ ಮತ್ತೆ ಅಳುತ್ತಾನೆ ಅಂತ ನನಗೆ ಗ್ಯಾರಂಟಿ ಇದೆ, ಆಗ ಒಂದು ಹೆಜ್ಜೆ ಹಿಂದೆ ಹೋದರೂ ಆಯಿತು. ಬೇಕಾದರೆ ಈ ಲೆಕ್ಕವನ್ನು ನೀವು ಬದಲಿಸಿ, ಅವಸರ ಮಾತ್ರ ಬೇಡ.

ಬಿಡುವಾಗ ಉದ್ದ ಮಾಡುವುದಿಲ್ಲ. ಒಂದು ಮುತ್ತು, ಅದೇ ಒಂದು ಮಾತು, ಹೊರಟೆ. ಗೇಟಿನಲ್ಲಿ ನಿಂತು ಇಣುಕಿ ನೋಡುವುದೂ ಇಲ್ಲ. ಗಡಿಯಾರ ಅವನಿಗೆ ತಿಳಿಯುವುದಿಲ್ಲವಲ್ಲ, "ಡಬ್ಬಿ ತಿಂದು, ಹಾಡು ಹೇಳಿ ಆದಮೇಲೆ ಅವ್ವ ಬರ್ತಾಳ" ಅಂತ ನೀವೂ ಹೇಳಿ. "ಈಗ ಬರ್ತಾಳ" ಅನ್ನಬೇಡಿ, ಬಾಗಿಲನ್ನೇ ನೋಡುತ್ತಾ ಕೂತುಬಿಡುತ್ತಾನೆ. "ಅತ್ತರ ಪೊಲೀಸ್ ಬರ್ತಾರ" ಅನ್ನುವ ಮಾತು ಒಂದು ದಿನ ನನ್ನ ಕಿವಿಗೆ ಬಿತ್ತು. ಯಾರು ಅಂದರು ಅಂತ ಕೇಳುವುದಿಲ್ಲ, ಇವನಿಗೆ ಮಾತ್ರ ಅದನ್ನು ಹೇಳುವುದು ಬೇಡ.

ಬ್ಯಾಗಿನಲ್ಲಿ ಒಂದು ಸಣ್ಣ ಕೌದಿ ಇದೆ, ಅಜ್ಜಿ ಹಳೆಯ ಇಳಕಲ್ ಸೀರೆಯ ತುಂಡುಗಳಲ್ಲಿ ಹೊಲಿದದ್ದು. ಅಂಚಿನ ಕೆಂಪು ದಾರವನ್ನು ಬೆರಳಿಂದ ತಿಕ್ಕುತ್ತಾ ಕೂತರೆ ಅರ್ಧ ಅಳು ಅಲ್ಲಿಗೇ ಮುಗಿಯುತ್ತೆ. ನೋಡಲು ಮಾಸಿದಂತಿದೆ, ಆದರೂ ದಯವಿಟ್ಟು ಕಪಾಟಿನಲ್ಲಿ ಇಡಬೇಡಿ. ಹೆಚ್ಚು ಅತ್ತರೆ ವಾಂತಿ ಮಾಡಿಕೊಳ್ಳುತ್ತಾನೆ, ಅದಕ್ಕೆ ಹಾಲನ್ನು 7 ಗಂಟೆಗೇ ಕೊಟ್ಟು ಕರೆತರುತ್ತೇನೆ, ಇನ್ನೊಂದು ಜೊತೆ ಬಟ್ಟೆಯೂ ಬ್ಯಾಗಿನಲ್ಲಿದೆ. "ಉಚ್ಚಿ" ಅಂದನೆಂದರೆ ಸಾಮಾನ್ಯವಾಗಿ ಮಾಡಿ ಆಗಿರುತ್ತೆ, ಓಡಿ ಪ್ರಯೋಜನವಿಲ್ಲ.

ಬಿಕ್ಕುತ್ತಾ ಇದ್ದರೂ ಆಟಕ್ಕೆ ಬಂದರೆ ಫೋನ್ ಬೇಡ. ಎತ್ತಿಕೊಂಡರೂ ಕೌದಿ ಕೊಟ್ಟರೂ 20 ನಿಮಿಷ ಸಮಾಧಾನವೇ ಆಗದಿದ್ದರೆ ಮಾಡಿ. ಆಫೀಸಿನಿಂದ ಬರಲು ನನಗೆ ಹತ್ತು ನಿಮಿಷ ಸಾಕು. ಮಧ್ಯಾಹ್ನ ಕರೆದೊಯ್ಯುವಾಗ ಎಷ್ಟು ಹೊತ್ತು ಅತ್ತ, ಯಾವುದಕ್ಕೆ ಸುಮ್ಮನಾದ, ಡಬ್ಬಿ ತಿಂದನಾ, ಇಷ್ಟು ಹೇಳಿ. ನನ್ನ ಸಮಾಧಾನಕ್ಕೆ ಅಂತ "ಅಳಲೇ ಇಲ್ಲ" ಅನ್ನುವುದು ಬೇಡ, ಇದ್ದದ್ದು ಇದ್ದಂತೆ ಗೊತ್ತಾದರೆ ಮುಂದಿನ ದಿನದ ಲೆಕ್ಕ ಹಾಕಬಹುದು.

ಇದರಲ್ಲಿ ನಿಮಗೆ ಆಗದ್ದು ಇದ್ದರೆ ಶನಿವಾರದೊಳಗೆ ಒಂದು ಮೆಸೇಜ್ ಹಾಕಿ. ಇಲ್ಲದಿದ್ದರೆ ಸೋಮವಾರ 9:20ಕ್ಕೇ ಬರುತ್ತೇವೆ, ಬೇರೆ ಮಕ್ಕಳ ಅಳು ಶುರುವಾಗುವ ಮೊದಲೇ.

ಇಂತಿ,
ಸಮರ್ಥನ ಅವ್ವ