ವಾರ್ಷಿಕ ಮಹಾಸಭೆಗೆ ಅಧ್ಯಕ್ಷರ ಸ್ವಾಗತದ ಮಾತು (ಭಾನುವಾರ, 14 ಸೆಪ್ಟೆಂಬರ್ 2025, ಬೆಳಿಗ್ಗೆ 10.30, ಕ್ಲಬ್‌ಹೌಸ್)

ಎಲ್ಲರಿಗೂ ನಮಸ್ಕಾರ. ಮೈಕು ಹಿಂದಿನವರಿಗೂ ಕೇಳಿಸ್ತಿದೆಯಾ? ಸರಿ. ಭಾನುವಾರ ಬೆಳಿಗ್ಗೆ ನಿದ್ದೆ ಬಿಟ್ಟು, ತಿಂಡಿ ಮುಗಿಸಿ, ಕೆಲವರು ಮುಗಿಸ್ದೇನೇ ಬಂದು ಕೂತಿದ್ದೀರಿ, ತುಂಬಾ ಸಂತೋಷ. ರಿಜಿಸ್ಟರ್‌ನಲ್ಲಿ 51 ಫ್ಲಾಟಿನ ಸೈನ್ ಆಗಿದೆ, 7 ಪ್ರಾಕ್ಸಿ ಲೆಟರ್ ಬಂದಿದೆ, ನಮ್ಮ ಬೈಲಾ ಪ್ರಕಾರ 96ರಲ್ಲಿ ಮೂರನೇ ಒಂದು ಭಾಗ ಅಂದ್ರೆ 32 ಫ್ಲಾಟಿನವರು ಖುದ್ದಾಗಿ ಇರಬೇಕು, ಹಾಗಾಗಿ ಕೋರಂ ಇದೆ, ಸಭೆ ಶುರು ಅಂತ ಹೇಳ್ತಾ ಇದ್ದೀನಿ. ಕನ್ನಡ ಅಷ್ಟಾಗಿ ಬರದವರಿಗೆ ನಮ್ಮ ಸೆಕ್ರೆಟರಿ ಪ್ರತಿ ವಿಷಯ ಆದಮೇಲೆ ಇಂಗ್ಲಿಷು ಹಿಂದಿ ಎರಡರಲ್ಲೂ ಹೇಳ್ತಾರೆ, ಯಾರೂ ಮಧ್ಯದಲ್ಲಿ "ವಾಟ್ ಈಸ್ ಹಿ ಸೇಯಿಂಗ್" ಅಂತ ಪಕ್ಕದವರ ಮೊಣಕೈ ತಿವೀಬೇಡಿ.

ಹೊಸದಾಗಿ ಬಂದಿರೋರಿಗೆ, ವಿಶೇಷವಾಗಿ ಬಿ ಬ್ಲಾಕಿನ ಆರು ಹೊಸ ಓನರ್‌ಗಳಿಗೆ, ಇನ್ನೊಂದು ಸಲ ಸ್ವಾಗತ. ಬಾಡಿಗೆಗೆ ಇರೋರೂ ನಾಲ್ಕೈದು ಜನ ಬಂದಿದ್ದೀರಿ. ನಿಮಗೆ ವೋಟ್ ಇಲ್ಲ, ಆದರೆ ನೀರು, ಪಾರ್ಕಿಂಗು, ಲಿಫ್ಟು ಇದರ ಬಗ್ಗೆ ಮಾತಾಡೋಕೆ ಯಾರೂ ತಡೆಯಲ್ಲ, ಇಲ್ಲಿ ದಿನಾ ಇರೋರು ನೀವೇ, ಎಷ್ಟೋ ಓನರ್‌ಗಳು ವರ್ಷಕ್ಕೊಂದ್ಸಲ ಬಾಡಿಗೆ ಜಾಸ್ತಿ ಮಾಡೋಕೆ ಮಾತ್ರ ಬರೋದು. (ನಗಬೇಡಿ, ನಾನೂ ಒಂದು ಮನೆ ಬಾಡಿಗೆಗೆ ಕೊಟ್ಟಿದ್ದೀನಿ.)

ನೇರವಾಗಿ ಹೋದ ವರ್ಷದ ವಿಷಯಕ್ಕೆ ಬರ್ತೀನಿ, ಅದನ್ನ ಹೇಳದೆ ಮುಂದಕ್ಕೆ ಹೋದ್ರೆ ಎಲ್ಲರ ಮನಸ್ಸಲ್ಲೂ ಅದೇ ಕೂತಿರುತ್ತೆ. ಹೋದ ವರ್ಷ ಇದೇ ಹಾಲ್‌ನಲ್ಲಿ ಮೂರೂವರೆ ಗಂಟೆ ಕೂತ್ವಿ, ಹಿಂದಿನ ಸಭೆಯ ಮಿನಿಟ್ಸ್ ಓದೋದೇ ಮುಗೀಲಿಲ್ಲ, ಮೈಕು ಮೂರು ಕೈ ದಾಟಿತು, ಒಂದು ಕುರ್ಚಿ ಬಿತ್ತು, ಕುರ್ಚಿ ತಾನಾಗೇ ಬಿತ್ತು ಅಂತ ಇಬ್ಬರೂ ಇವತ್ತಿಗೂ ಹೇಳ್ತಾರೆ. ಲೆಕ್ಕಪತ್ರ ಪಾಸ್ ಆಗಲೇ ಇಲ್ಲ, ಮತ್ತೆ ಅಕ್ಟೋಬರ್‌ನಲ್ಲಿ ಇನ್ನೊಂದು ಮೀಟಿಂಗ್ ಕರೀಬೇಕಾಯ್ತು. ಅದರ ನಂತರ ನಮ್ಮ ಗ್ರೂಪಲ್ಲಿ ರಾತ್ರಿ ಹನ್ನೊಂದೂವರೆಗೆ ನಮ್ಮ ಟ್ರೆಷರರ್ ಮೇಡಮ್ ಬಗ್ಗೆ ಬಂದ ಮೆಸೇಜು ನೀವೆಲ್ಲ ಓದಿದ್ದೀರಿ. ಆಮೇಲೆ ಡಿಲೀಟ್ ಆಯ್ತು, ಹೌದು, ಆದರೆ ಅವರ ಮಗಳು ಅಷ್ಟರಲ್ಲಿ ಓದಿಬಿಟ್ಟಿದ್ದಳು. ಮೇಡಮ್ ದಿನವಿಡೀ ಆಫೀಸಲ್ಲಿ ಕೆಲಸ ಮಾಡಿ ರಾತ್ರಿ ನಮ್ಮ ವೋಚರ್ ನೋಡ್ತಾರೆ, ಸಂಬಳ ಇಲ್ಲ, ಒಂದು ರೂಪಾಯಿ ಮೇಂಟೆನೆನ್ಸ್ ರಿಯಾಯಿತಿ ಇಲ್ಲ. ಲೆಕ್ಕದ ಮೇಲೆ ಎಷ್ಟು ಬೇಕಾದ್ರೂ ಪ್ರಶ್ನೆ ಕೇಳಿ, ಕೇಳಲೇಬೇಕು, ಲೆಕ್ಕ ಬರೆಯೋರ ಮೇಲೆ ಮಾತು ಬಂದ್ರೆ ಮಾತ್ರ ನಾನು ಮೈಕ್ ಆಫ್ ಮಾಡಿಸ್ತೀನಿ. ಮೈಕಿನ ಸ್ವಿಚ್ಚು ನನ್ನ ಕಾಲ ಹತ್ರಾನೇ ಇದೆ.

ನಾನು 31 ವರ್ಷ ಬಸ್ ಡಿಪೋದ ಅಕೌಂಟ್ಸ್‌ನಲ್ಲಿ ಇದ್ದೋನು ಅಂತ ಹಲವರಿಗೆ ಗೊತ್ತು. ಅಲ್ಲಿ ಕಂಡಕ್ಟರ್ ರಾತ್ರಿ ಬಂದು ವೇ ಬಿಲ್ಲು, ಕ್ಯಾಶು ಎರಡೂ ಮೇಜಿನ ಮೇಲೆ ಇಡ್ತಾನೆ. ಹತ್ತು ರೂಪಾಯಿ ಕಮ್ಮಿ ಬಂದ್ರೆ ಕೌಂಟರಿನವನು "ಕಳ್ಳ" ಅನ್ನಲ್ಲ, "ಇನ್ನೊಂದ್ಸಲ ಎಣಿಸಪ್ಪ" ಅಂತಾನೆ. ನೂರಕ್ಕೆ ತೊಂಬತ್ತು ಸಲ ಚೀಲದ ಮೂಲೆಯಲ್ಲೇ ಸಿಕ್ಕಿಬಿಡುತ್ತೆ. ಇವತ್ತೂ ಅದೇ ಮಾತು, ಯಾವ ಸಂಖ್ಯೆ ತಾಳೆ ಆಗ್ತಿಲ್ಲ ಅನ್ಸುತ್ತೋ ಅದನ್ನ ತೋರ್ಸಿ, ಇನ್ನೊಂದ್ಸಲ ಎಣಿಸೋಣ.

ಆ ಪಕ್ಕದ ಟೇಬಲ್ ಮೇಲೆ ಹಸಿರು ಫೈಲು, ವೋಚರ್‌ಗಳು, ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, ಎಫ್‌ಡಿ ರಸೀದಿಗಳ ಜೆರಾಕ್ಸು ಎಲ್ಲಾ ಇಟ್ಟಿದ್ದೀವಿ. ಹೋದ ಎರಡು ಶನಿವಾರವೂ ಸಂಜೆ ಐದರಿಂದ ಏಳರವರೆಗೆ ಆಫೀಸ್ ತೆಗೆದಿಟ್ಟು "ಬಂದು ನೋಡಿ" ಅಂತ ನೋಟಿಸ್ ಹಾಕಿದ್ವಿ, ನಾಲ್ಕು ಜನ ಬಂದ್ರು. ಆ ನಾಲ್ವರಲ್ಲಿ ಒಬ್ಬರು ಒಳ್ಳೇ ತಪ್ಪೇ ಹಿಡಿದ್ರು, ಜನರೇಟರ್ ಡೀಸೆಲ್‌ನ ಒಂದು ಬಿಲ್ಲು ರಿಪೇರಿ ಖಾತೆಗೆ ಹೋಗಿಬಿಟ್ಟಿತ್ತು, ಸರಿ ಮಾಡಿದ್ದೀವಿ, ಅವರಿಗೆ ಥ್ಯಾಂಕ್ಸ್. ಮಿಕ್ಕ 92 ಮನೆಯವರು ಬರಲಿಲ್ಲ ಅಂತ ಬೈತಾ ಇಲ್ಲ, ಆದರೆ ನೋಡದೇನೇ ಗ್ರೂಪಲ್ಲಿ ಸಂಶಯ ಮಾತ್ರ ಹಾಕೋದು ಬೇಡ ಅಂತ ಅಷ್ಟೇ.

ಈಗ ಲೆಕ್ಕದಲ್ಲಿ ಜಾಸ್ತಿ ಗಲಾಟೆ ಆಗೋ ಜಾಗ ಯಾವ್ದು ಅಂತ ಮುಂಚೇನೇ ಹೇಳಿಬಿಡ್ತೀನಿ. 60 ಎರಡು ಬೆಡ್‌ರೂಮ್ ಫ್ಲಾಟು 1,100 ಅಡಿ, 36 ಮೂರು ಬೆಡ್‌ರೂಮ್ 1,500 ಅಡಿ, ಚದರಡಿಗೆ ಮೂರೂವರೆ ರೂಪಾಯಿ, ಅಂದ್ರೆ ತಿಂಗಳಿಗೆ 4,20,000, ವರ್ಷಕ್ಕೆ 50,40,000 ಬರಬೇಕು. ಆಡಿಟರ್ ರಿಪೋರ್ಟಿನಲ್ಲಿ ಆದಾಯ ಅಂತ ಆ 50,40,000ನೇ ಇದೆ, ಖರ್ಚು 47,87,000, ಹಾಗಾಗಿ 2,53,000 ಉಳಿತಾಯ ಅಂತ ತೋರಿಸುತ್ತೆ. ತಕ್ಷಣ ಎಲ್ಲರೂ ಕೇಳ್ತೀರಿ, ಎರಡೂವರೆ ಲಕ್ಷ ಉಳಿದಿದ್ರೆ ಗೇಟಿಗೆ ಪೇಂಟ್ ಯಾಕಿಲ್ಲ ಅಂತ. ವಿಷಯ ಏನಂದ್ರೆ, ನಿಜವಾಗಿ ಕೈಗೆ ಬಂದಿದ್ದು 46,72,000. 11 ಫ್ಲಾಟಿನಿಂದ 3,68,000 ಬಾಕಿ. ಮದುವೆ ಮನೇಲಿ ಮುಯ್ಯಿ ಪುಸ್ತಕದಲ್ಲಿ ಹೆಸರು ಬರೆಸಿ, ಕವರ್ ಕೊಡದೆ ಸೀದಾ ಊಟಕ್ಕೆ ಹೋದ ಹಾಗೆ. ಪುಸ್ತಕದಲ್ಲಿ ದುಡ್ಡಿದೆ, ಪೆಟ್ಟಿಗೇಲಿ ಇಲ್ಲ. ಕೈಗೆ ಬಂದಿದ್ದಕ್ಕಿಂತ 1,15,000 ಜಾಸ್ತಿ ಖರ್ಚು ಮಾಡಿದ್ದೀವಿ, ಅದು ಉಳಿತಾಯ ಖಾತೆಯ ಹಳೇ ಬ್ಯಾಲೆನ್ಸಿನಿಂದ ಹೋಗಿದೆ, ಸಿಂಕಿಂಗ್ ಫಂಡಿನ 38 ಲಕ್ಷ ಎಫ್‌ಡಿಗೆ ಕೈ ಹಾಕಿಲ್ಲ.

ಆ 11 ಫ್ಲಾಟಿನ ಹೆಸರು ನಾನು ಮೈಕಲ್ಲಿ ಓದಲ್ಲ. ಓದಿ ಅಂತ ಕಮಿಟಿಯಲ್ಲೇ ಇಬ್ಬರು ಹೇಳಿದ್ರು, ನಾನು ಒಪ್ಪಲಿಲ್ಲ, ಒಬ್ಬರ ಮನೇಲಿ ಆಪರೇಷನ್ ಆಗಿದೆ ಅಂತ ನನಗೊಬ್ಬನಿಗೇ ಗೊತ್ತಿರಬಹುದು. ಆದರೆ "ಕೊಟ್ಟೋನು ಕೋಡಂಗಿ ಇಸ್ಕೊಂಡೋನು ಈರಭದ್ರ" ಅನ್ನೋ ಹಾಗೆ ತಿಂಗಳು ತಿಂಗಳು ಐದನೇ ತಾರೀಕು ಕಟ್ಟೋರು ಪೆದ್ದರಾಗಬಾರದು. ಮೂರು ತಿಂಗಳಿಗಿಂತ ಜಾಸ್ತಿ ಬಾಕಿ ಇರೋರಿಗೆ ಬೈಲಾ ಪ್ರಕಾರ ಇವತ್ತು ವೋಟ್ ಇಲ್ಲ, ಮಾತಾಡೋ ಅವಕಾಶ ಇದೆ. ಇಬ್ಬರು "ಬಾತ್‌ರೂಮ್ ಸೀಪೇಜ್ ಸರಿ ಮಾಡೋವರೆಗೂ ಕಟ್ಟಲ್ಲ" ಅಂತ ಬರೆದುಕೊಟ್ಟಿದ್ದಾರೆ. ಸೀಪೇಜು ನಿಜ, ನಾನೇ ಹೋಗಿ ಗೋಡೆ ಮುಟ್ಟಿ ನೋಡಿದ್ದೀನಿ, ಕೈಗೆ ಸುಣ್ಣ ಬಂತು. ಅದು ಮೇಲಿನ ಮನೆ ಕೆಳಗಿನ ಮನೆ ಇಬ್ಬರ ನಡುವಿನ ಮಾತು, ಮೂರು ಜನ ಹಿರಿಯರ ಒಂದು ಸಮಿತಿ ಮಾಡೋ ಪ್ರಸ್ತಾಪ ಅಜೆಂಡಾದಲ್ಲಿದೆ, ಅದರಲ್ಲಿ ಕಮಿಟಿ ಮೆಂಬರ್ ಯಾರೂ ಇರಲ್ಲ, ಅಲ್ಲಿ ತೀರ್ಮಾನ ಆಗಲಿ. ಸೀಪೇಜು ಒಂದು ಫೈಲು, ಬಾಕಿ ಇನ್ನೊಂದು ಫೈಲು.

ನೀರಿನ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತಗೋತೀನಿ. 2024ರ ಬೇಸಿಗೆ ಹೇಗಿತ್ತು ಅಂತ ಯಾರೂ ಮರೆತಿಲ್ಲ, ಊರಿಗೂರೇ ಟ್ಯಾಂಕರ್ ಹಿಂದೆ ಓಡ್ತಿತ್ತು, ಕುಡಿಯೋ ನೀರಲ್ಲಿ ಕಾರ್ ತೊಳೆದ್ರೆ 5,000 ದಂಡ ಅಂತ ಜಲಮಂಡಳಿ ಹೇಳಿದ್ದೂ ಆಗಲೇ. ಏಪ್ರಿಲ್ ಮೇ ಎರಡೇ ತಿಂಗಳಲ್ಲಿ ನಮ್ಮದು 260 ಲೋಡ್ ಆಯ್ತು. ವರ್ಷದ ಒಟ್ಟು 815 ಲೋಡ್, ಲೋಡಿಗೆ ಸಾವಿರದ ಲೆಕ್ಕ, 8,15,000. ಸಪ್ಲೈಯರ್ ಕಳಿಸಿದ ಬಿಲ್ ಮಾತ್ರ 827 ಲೋಡಿಗೆ. ಗೇಟಿನ ರಿಜಿಸ್ಟರ್ ಆ ಟೇಬಲ್ ಮೇಲೇ ಇದೆ, ಮೇ ತಿಂಗಳ ಪುಟದ ಮೇಲೆ ಟೀ ಲೋಟದ ಗುರುತಿದೆ, ಅದನ್ನೇ ತೆಗೆದು ನೋಡಿ. ರಾತ್ರಿ ಎರಡು ಗಂಟೆ ಮೂರು ಗಂಟೆಗೆ ಬಂದ ಟ್ಯಾಂಕರನ್ನೂ ನಮ್ಮ ವಾಚ್‌ಮನ್ ಪೆನ್ಸಿಲ್‌ನಲ್ಲಿ ಗಾಡಿ ನಂಬರ್ ಸಮೇತ ಬರೆದಿದ್ದಾನೆ. "ಅವನು ನಿದ್ದೆ ಮಾಡ್ತಿದ್ದ, ನಾವು ಹಾಕಿ ಹೋದ್ವಿ" ಅಂತ ಸಪ್ಲೈಯರ್ ವಾದ. ಅದಕ್ಕೆ ವಾಚ್‌ಮನ್ ಹೇಳಿದ್ದು ಒಂದೇ ಮಾತು, "ಸಾರ್, ಗೇಟಿನ ಬೀಗದ ಕೈ ನನ್ನ ಜೇಬಲ್ಲಿತ್ತು." 12,000 ತಡೆ ಹಿಡಿದಿದ್ದೀವಿ, ಸೈನ್ ಇರೋ ಸ್ಲಿಪ್ ತಂದ್ರೆ ಕೊಡ್ತೀವಿ, ಇವತ್ತಿನವರೆಗೂ ತಂದಿಲ್ಲ.

ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯ್ತಲ್ಲ, ನಮ್ಮ ಕನೆಕ್ಷನ್ ಅರ್ಜಿ ಮತ್ತೆ ಅದಕ್ಕೆ ಕಟ್ಟಬೇಕಾದ ದುಡ್ಡಿನ ವಿಷಯ ಐದನೇ ಐಟಂ. ಈ ಏಪ್ರಿಲ್‌ನಲ್ಲಿ ನೀರಿನ ದರಾನೂ ಏರಿದೆ, ಬಜೆಟ್ ನೋಡುವಾಗ ಅದು ನೆನಪಿರಲಿ.

ಜಿಎಸ್‌ಟಿ ಬಗ್ಗೆ ಯಾರೋ ಮೊನ್ನೆ ಲಿಫ್ಟಲ್ಲಿ ಕೇಳಿದ್ರು. ತಿಂಗಳಿಗೆ 7,500 ದಾಟಿದ್ರೆ ತಾನೇ ಆ ಪ್ರಶ್ನೆ, ನಮ್ಮಲ್ಲಿ ಜಾಸ್ತಿ ಅಂದ್ರೆ 5,250. ಮುಂದಕ್ಕೆ ಹೋಗೋಣ. ಗಣೇಶನ ಹಬ್ಬದ ಚಂದಾ ಲೆಕ್ಕ ಅಸೋಸಿಯೇಷನ್ ಲೆಕ್ಕದಲ್ಲಿ ಸೇರಿಲ್ಲ, ಸೇರಬಾರದು, ಹಬ್ಬದ ಹುಡುಗ್ರು ಬೇರೆ ಹಾಳೇಲಿ ನೋಟಿಸ್ ಬೋರ್ಡಿಗೆ ಹಾಕಿದ್ದಾರೆ, 3,140 ಉಳಿದಿದೆ, ಅದರ ಜಗಳ ದಯವಿಟ್ಟು ಕೆಳಗೆ ಆಡ್ಕೊಳ್ಳಿ.

ಇನ್ನು ಇವತ್ತು ಮಾತಾಡೋ ರೀತಿ. ಬಾಗಿಲ ಹತ್ರ ಹಳದಿ ಚೀಟಿ, ಪೆನ್ನು ಇದೆ. ಪ್ರಶ್ನೆ ಬರೆದು, ಫ್ಲಾಟ್ ನಂಬರ್ ಹಾಕಿ ಡಬ್ಬಿಗೆ ಹಾಕಿ, ಬಂದ ಸಾಲಿನಲ್ಲೇ ಕರೀತೀವಿ. ಒಬ್ಬರಿಗೆ ಮೂರು ನಿಮಿಷ, ಸಿ... ಅಲ್ಲ, ಎ ಬ್ಲಾಕಿನ ನಮ್ಮ ಟೀಚರ್ ಮೇಡಮ್ ಗಡಿಯಾರ ಹಿಡಿದು ಕೂತಿದ್ದಾರೆ, ನನಗೂ ಅದೇ ನಿಯಮ, ಈ ಸ್ವಾಗತ ಭಾಷಣ ಬಿಟ್ಟು. ಇನ್ನೊಬ್ಬರ ಬಗ್ಗೆ ಹೇಳ್ಬೇಕಾದ್ರೆ ಫ್ಲಾಟ್ ನಂಬರ್ ಸಾಕು, ಅವರ ಹೆಂಡತಿ ಮಕ್ಕಳು ಊರು ಭಾಷೆ ಯಾವುದೂ ಬೇಡ. ಪಾರ್ಕಿಂಗ್ ಪಿಲ್ಲರ್ ಹತ್ರದ ಎರಡು ಜಾಗದ ಜಗಳ ಆ ಹಿರಿಯರ ಸಮಿತಿಗೇ ಹೋಗುತ್ತೆ, ಇಲ್ಲಿ ಟೇಪು ಹಿಡಿದು ಅಳೆಯೋಕಾಗಲ್ಲ. ಬಿಲ್ಡರ್ ಮೇಲಿನ ಕೇಸು ಕೋರ್ಟಲ್ಲಿದೆ, ವಕೀಲರು ಬಾಯಿ ಬಿಡಬೇಡಿ ಅಂದಿದ್ದಾರೆ, ಮುಂದಿನ ತಾರೀಕು ಮಾತ್ರ ಸೆಕ್ರೆಟರಿ ಹೇಳ್ತಾರೆ. ಚುನಾವಣೆ ಕೊನೇಲಿ, ಪಕ್ಕದ ಅಪಾರ್ಟ್‌ಮೆಂಟಿನ ಹಿರಿಯರೊಬ್ಬರು ನಡೆಸಿಕೊಡ್ತಾರೆ, ಅವರಿಗೆ ನಮ್ಮಲ್ಲಿ ಯಾರ ಪರಿಚಯವೂ ಇಲ್ಲ, ಅದಕ್ಕೇ ಕರೆದಿದ್ದು. ನಾನು ನಿಲ್ತಾ ಇಲ್ಲ, ಮನೆಯವರ ಆರ್ಡರ್.

ಒಂದು ಗಂಟೆಗೆ ಬಿಸಿಬೇಳೆಬಾತ್, ಮೊಸರನ್ನ ಇದೆ. ಅದರ ಖರ್ಚು ಕಮಿಟಿಯ ಏಳು ಜನ ನಮ್ಮ ಕೈಯಿಂದ ಹಾಕಿದ್ದೀವಿ, ವೋಚರ್ ಹುಡುಕಬೇಡಿ, ಸಿಗಲ್ಲ.

ಮೊದಲನೇ ಐಟಂ, ಹೋದ ಅಕ್ಟೋಬರ್ ಸಭೆಯ ಮಿನಿಟ್ಸ್. ಎರಡು ಪುಟ, ಎಲ್ಲರ ಕುರ್ಚಿ ಮೇಲೂ ಒಂದೊಂದು ಪ್ರತಿ ಇಟ್ಟಿದೆ, ಕೆಲವರು ಬೀಸಿಕೊಳ್ತಾ ಇದ್ದೀರಿ ಅದೇ. ಸೆಕ್ರೆಟರಿಯವರೇ, ಬನ್ನಿ, ಮೈಕ್ ತಗೊಳ್ಳಿ.